ನೆಟ್‌ವರ್ಕ್ ಆಸ್ಪತ್ರೆ ಕ್ಯಾಶ್‌ಲೆಸ್ ಕೊಡಲಿಲ್ಲ, ಕಟ್ಟಿದ ದುಡ್ಡು ವಾಪಸ್ ಪಡೆಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬಯಿಯ ಒಂದು ಟಿಪಿಎ ಕಚೇರಿಯಲ್ಲಿ, ಅಂದರೆ ವಿಮಾ ಕಂಪನಿಗಳ ಪರವಾಗಿ ಆರೋಗ್ಯ ವಿಮೆಯ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಯಲ್ಲಿ, ಹದಿನಾಲ್ಕು ವರ್ಷ ಕ್ಲೇಮ್ ಫೈಲುಗಳನ್ನು ನೋಡುತ್ತಿದ್ದೆ. ಈಗ ಡೊಂಬಿವಲಿಯಲ್ಲಿ ಮನೆಯಲ್ಲಿದ್ದೇನೆ. ಲೋಕಲ್ ರೈಲಿನಲ್ಲಿ, ಸಂಘದ ಗಣೇಶೋತ್ಸವದಲ್ಲಿ, ಪುಣೆ ಮತ್ತು ಮಡಗಾಂವಿನಿಂದ ಬರುವ ಫೋನಿನಲ್ಲಿ ನಮ್ಮವರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲೆ: ವಿಮಾ ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿರುವ ಆಸ್ಪತ್ರೆಯೇ ಕ್ಯಾಶ್‌ಲೆಸ್ ಕೊಡದಿದ್ದರೆ ಏನು ಮಾಡುವುದು? ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಆಸ್ಪತ್ರೆಯ ಕೌಂಟರಿನ ಮುಂದೆ

"ಡೆಸ್ಕಿನವರು ಕ್ಯಾಶ್‌ಲೆಸ್ ಇಲ್ಲ ಅಂದ್ರು. ಹಾಗಾದ್ರೆ ನನ್ನ ಕ್ಲೇಮೇ ಹೋಯ್ತಾ?"

ಇಲ್ಲ. ಕ್ಯಾಶ್‌ಲೆಸ್ ಅನ್ನೋದು ವಿಮಾ ಕಂಪನಿ ನೇರವಾಗಿ ಆಸ್ಪತ್ರೆಗೇ ದುಡ್ಡು ಕೊಡುವ ಒಂದು ದಾರಿ ಮಾತ್ರ. ಆ ದಾರಿ ಮುಚ್ಚಿದರೆ ಇನ್ನೊಂದು ದಾರಿ ಇದೆ. ನೀವು ಬಿಲ್ ಕಟ್ಟಿ, ಆಮೇಲೆ ಕಂಪನಿಯಿಂದ ವಾಪಸ್ ಕೇಳಬಹುದು. ಇದಕ್ಕೇ ರೀಇಂಬರ್ಸ್‌ಮೆಂಟ್ ಕ್ಲೇಮ್ ಎನ್ನುತ್ತಾರೆ. ಎಲ್ಲ ಕಂಪನಿಗಳೂ ಒಂದೇ ಮಾತುಗಳಲ್ಲಿ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಇದು ಸ್ಪಷ್ಟವಾಗಿ ಬರೆದಿದೆ: ಕ್ಯಾಶ್‌ಲೆಸ್ ಸಿಗದಿದ್ದರೆ ಡಾಕ್ಟರು ಹೇಳಿದಂತೆ ಚಿಕಿತ್ಸೆ ಪಡೆದು, ಕಾಗದಪತ್ರ ಕೊಟ್ಟು ಹಣ ಕೇಳಬಹುದು. ಬೇರೆ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಇಂಥದೇ ಸಾಲು ಇರುತ್ತದೆ. ನಿಮ್ಮ ಪಾಲಿಸಿಯಲ್ಲಿ ಅದನ್ನು ಹುಡುಕಿ ಗುರುತು ಹಾಕಿಕೊಳ್ಳಿ.

"ಬೇಡ ಅಂದಿದ್ದು ಆಸ್ಪತ್ರೆನಾ, ಕಂಪನಿನಾ? ಎರಡೂ ಒಂದೇ ಅಲ್ವಾ?"

ಒಂದೇ ಅಲ್ಲ. ಮುಂದೆ ನಿಮ್ಮ ಫೈಲು ಯಾವ ದಾರಿ ಹಿಡಿಯುತ್ತದೆ ಅನ್ನೋದು ಇದರ ಮೇಲೇ ನಿಂತಿದೆ.

ಆಸ್ಪತ್ರೆಯು ಕಂಪನಿಯ ಒಪ್ಪಿಗೆ ಕೇಳುವ ಪ್ರೀ-ಆಥ್ ಫಾರಂ ಕಳಿಸಿ, ಕಂಪನಿ ಅದನ್ನು ನೋಡಿ ಬೇಡ ಅಂದರೆ, ಕಂಪನಿಗೆ ಕಾಯಿಲೆಯ ಬಗ್ಗೆ ಅಥವಾ ಕವರೇಜಿನ ಬಗ್ಗೆ ಏನೋ ಅನುಮಾನ ಇದೆ ಎಂದರ್ಥ. ಕಾರಣ ಬರೆದ ಪತ್ರ ಬಂದಿರುತ್ತದೆ. ರೀಇಂಬರ್ಸ್‌ಮೆಂಟಿನಲ್ಲೂ ಅದೇ ಅನುಮಾನ ಮತ್ತೆ ಏಳುತ್ತದೆ. ಅದಕ್ಕೆ ಡಾಕ್ಟರಿಂದ ಉತ್ತರ ಬರೆಸಿಕೊಂಡೇ ಮನೆಗೆ ಹೋಗಬೇಕು.

ಆಸ್ಪತ್ರೆಯು ಫಾರಂ ಕಳಿಸದೇ, "ಈ ಕಂಪನಿಯ ಕ್ಯಾಶ್‌ಲೆಸ್ ನಮ್ಮಲ್ಲಿ ಬಂದ್ ಹೈ" ಅಂದರೆ ಕಥೆ ಬೇರೆ. ಕಂಪನಿ ನಿಮ್ಮ ಕಾಯಿಲೆಯನ್ನು ನೋಡಿಯೇ ಇಲ್ಲ. ನಿಮ್ಮ ಪಾಲಿಸಿಯ ಮೇಲೆ ಯಾವ ಕಲೆಯೂ ಇಲ್ಲ. ಈ ಪುಟ ಮುಖ್ಯವಾಗಿ ಈ ಎರಡನೇ ತರಹದವರಿಗೆ.

ಗೊತ್ತುಮಾಡಿಕೊಳ್ಳೋದು ಸುಲಭ. ಪಾಲಿಸಿ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ, "ನನ್ನ ಹೆಸರಲ್ಲಿ ಈ ಆಸ್ಪತ್ರೆಯಿಂದ ಪ್ರೀ-ಆಥ್ ಬಂದಿದೆಯಾ?" ಅಂತ ಕೇಳಿ. ಬಂದಿದ್ದರೆ ಅದಕ್ಕೊಂದು ನಂಬರ್ ಇರುತ್ತದೆ. ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು. ಹಾಗಾಗಿ "ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ" ಅಂತ ಡೆಸ್ಕಿನವರು ಅರ್ಧ ದಿನ ಕೂರಿಸಿದರೆ, ಬಹಳ ಸಲ ಫಾರಂ ಹೋಗಿಯೇ ಇರುವುದಿಲ್ಲ.

"ಆ್ಯಪಿನ ಲಿಸ್ಟಲ್ಲಿ ಆಸ್ಪತ್ರೆ ಹೆಸರು ಇದೆಯಲ್ಲ, ಆದ್ರೂ ಹೇಗೆ ಬೇಡ ಅಂತಾರೆ?"

ಹೆಚ್ಚಾಗಿ ರೇಟಿನ ಜಗಳ. ಆಪರೇಷನ್ನಿಗೆ ಎಷ್ಟು, ರೂಮಿಗೆ ಎಷ್ಟು ಅಂತ ಕಂಪನಿ ಮತ್ತು ಆಸ್ಪತ್ರೆಯ ನಡುವೆ ಒಪ್ಪಂದ ಇರುತ್ತದೆ. ಅದರ ಅವಧಿ ಮುಗಿದು ಹೊಸ ರೇಟು ಕುದುರದಿದ್ದರೆ, ಅಥವಾ ಹಳೇ ಬಿಲ್ಲುಗಳು ಬಾಕಿ ಇದ್ದರೆ, ಆಸ್ಪತ್ರೆ ಕೈ ಎತ್ತುತ್ತದೆ. ಲಿಸ್ಟಿನಲ್ಲಿ ಹೆಸರು ಹಾಗೇ ಉಳಿದಿರುತ್ತದೆ. ಮುಂಬಯಿಗೆ ಇದು ಹೊಸದಲ್ಲ. 2010ರ ಜುಲೈಯಲ್ಲಿ ನಾಲ್ಕು ಸರ್ಕಾರಿ ವಿಮಾ ಕಂಪನಿಗಳು ದರದ ವಿಚಾರಕ್ಕೇ ಇಲ್ಲಿನ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ನಿಲ್ಲಿಸಿದ್ದವು. ಪ್ಯಾಕೇಜ್ ದರಕ್ಕೆ ಒಪ್ಪಿದ ಆಸ್ಪತ್ರೆಗಳ ಪಿಪಿಎನ್ ಎಂಬ ಪಟ್ಟಿ ಬಂದಿದ್ದು ಆಗಲೇ.

"ಸರಿ, ಕೌಂಟರಿನಲ್ಲಿ ನಿಂತಿದ್ದೇನೆ. ಈಗ ಮೊದಲು ಏನು ಮಾಡಲಿ?"

ಪೇಷೆಂಟನ್ನು ಒಳಗೆ ಕಳಿಸಿ. ಆಮೇಲೆ ಎರಡು ಕೆಲಸ.

ಮೊದಲನೆಯದು, ಕಂಪನಿಗೆ ತಿಳಿಸುವುದು. ಇದಕ್ಕೆ ಇಂಟಿಮೇಷನ್ ಅನ್ನುತ್ತಾರೆ. ಆರೋಗ್ಯ ಸಂಜೀವಿನಿಯಲ್ಲಿ ತುರ್ತು ದಾಖಲಾತಿಗೆ 24 ಗಂಟೆಯೊಳಗೆ ಅಥವಾ ಡಿಸ್‌ಚಾರ್ಜಿಗೆ ಮುಂಚೆ, ಯಾವುದು ಮೊದಲೋ ಅದು. ಮೊದಲೇ ಗೊತ್ತಿದ್ದ ಆಪರೇಷನ್ನಿಗೆ 48 ಗಂಟೆ ಮುಂಚೆ. "ಆಸ್ಪತ್ರೆಯವರು ತಿಳಿಸಿರ್ತಾರೆ" ಅಂತ ಸುಮ್ನೆ ಕೂರಬೇಡಿ. ಕ್ಯಾಶ್‌ಲೆಸ್ ಬೇಡ ಅಂದವರು ಯಾಕೆ ತಿಳಿಸ್ತಾರೆ? ಫೋನ್ ಮಾಡಿದರೂ ಒಂದು ಇಮೇಲ್ ಹಾಕಿ, ಇಂಟಿಮೇಷನ್ ನಂಬರ್ ಬರೆದಿಟ್ಟುಕೊಳ್ಳಿ.

ಎರಡನೆಯದು, ನಿರಾಕರಣೆಯನ್ನು ಬರಹದಲ್ಲಿ ಪಡೆಯುವುದು. ಆಸ್ಪತ್ರೆ ಸುಲಭಕ್ಕೆ ಬರೆದುಕೊಡುವುದಿಲ್ಲ. ಘಾಟ್ಕೋಪರದಲ್ಲಿ ಹೋಟೆಲ್ ನಡೆಸುವ ನಮ್ಮೂರಿನ ಒಬ್ಬ ಅಣ್ಣನಿಗೆ ಹೀಗೇ ಆಯಿತು. ಅತ್ತಿಗೆಗೆ ರಾತ್ರಿ ಹೊಟ್ಟೆನೋವು, ಪಿತ್ತಕೋಶದಲ್ಲಿ ಕಲ್ಲು. ಡೆಸ್ಕಿನ ಹುಡುಗ ಬಾಯಿಮಾತಲ್ಲಿ ಇಲ್ಲ ಅಂದ, ಬರೆದುಕೊಡಲ್ಲ ಅಂದ. ಅವರು ನನಗೆ ಫೋನ್ ಮಾಡಿದರು. ನಾನು ಹೇಳಿದಂತೆ ಅಲ್ಲೇ ನಿಂತು ಕಂಪನಿಗೆ ಇಮೇಲ್ ಕಳಿಸಿ, ಆಸ್ಪತ್ರೆಯ ಇಮೇಲಿಗೂ ಪ್ರತಿ ಹಾಕಿದರು:

"ಇಂದು ರಾತ್ರಿ 11.20ಕ್ಕೆ ನನ್ನ ಹೆಂಡತಿಯನ್ನು ಈ ಆಸ್ಪತ್ರೆಗೆ ಸೇರಿಸಿದ್ದೇನೆ. ಇದು ನಿಮ್ಮ ನೆಟ್‌ವರ್ಕ್ ಪಟ್ಟಿಯಲ್ಲಿದೆ. ಪಾಲಿಸಿ ಕಾರ್ಡ್ ಕೊಟ್ಟರೂ ಟಿಪಿಎ ಡೆಸ್ಕಿನವರು ಕ್ಯಾಶ್‌ಲೆಸ್ ನಿರಾಕರಿಸಿ ಡಿಪಾಸಿಟ್ ಕೇಳಿದ್ದಾರೆ. ದಯವಿಟ್ಟು ಆಸ್ಪತ್ರೆಯೊಂದಿಗೆ ಮಾತಾಡಿ. ಆಗದಿದ್ದರೆ ನಾನು ಬಿಲ್ ಕಟ್ಟಿ ರೀಇಂಬರ್ಸ್‌ಮೆಂಟ್ ಕೇಳುತ್ತೇನೆ. ಈ ಆಸ್ಪತ್ರೆಗೆ ನಿಮ್ಮ ಒಪ್ಪಂದದ ದರ ಎಷ್ಟೆಂದು ತಿಳಿಸಿ."

ಜೊತೆಗೆ ಆ್ಯಪಿನಲ್ಲಿ ಆಸ್ಪತ್ರೆಯ ಹೆಸರು ಕಾಣುವ ಸ್ಕ್ರೀನ್‌ಶಾಟ್, ತಾರೀಕು ಕಾಣುವಂತೆ. ನಾಳೆ ಕಂಪನಿ ಆ ಹೆಸರನ್ನು ಲಿಸ್ಟಿನಿಂದ ತೆಗೆದರೆ, ಅವತ್ತು ಇತ್ತು ಅಂತ ತೋರಿಸಲು ನಿಮ್ಮ ಹತ್ತಿರ ಇರುವುದು ಅದೊಂದೇ. ಆಸ್ಪತ್ರೆ ಉತ್ತರ ಕೊಡದಿದ್ದರೂ ಪರವಾಗಿಲ್ಲ. ಸಮಯ ನಮೂದಾದ ಇಮೇಲೇ ದಾಖಲೆ.

## ದುಡ್ಡು ಕಟ್ಟುವಾಗ, ಕಾಗದ ಸೇರಿಸುವಾಗ

"ಕ್ಯಾಶ್ ಕೊಟ್ರೆ ಸ್ವಲ್ಪ ಕಡಿಮೆ ಮಾಡ್ತೀವಿ ಅಂತಾರೆ. ಕೊಡಲಾ?"

ಬೇಡ. ಕಾರ್ಡ್, ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ. ಒಂದು ಚಿಕಿತ್ಸೆಗೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೇ ಒಪ್ಪುವುದಿಲ್ಲ. ಅದಕ್ಕಿಂತ ಕಡಿಮೆ ಇದ್ದರೂ, ನಗದಿನ ರಸೀದಿ ಕಂಡರೆ ಕಂಪನಿಯವರು ಪರಿಶೀಲನೆಗೆ ಆಸ್ಪತ್ರೆಗೆ ಜನ ಕಳಿಸುವುದು ಜಾಸ್ತಿ. ನಾನೇ ಎಷ್ಟೋ ಫೈಲುಗಳ ಮೇಲೆ ಹಾಗೆ ಬರೆದಿದ್ದೇನೆ.

ಡಿಪಾಸಿಟ್‌ಗೆ ಕೊಟ್ಟ ಪ್ರತಿ ರಸೀದಿಯೂ ಇರಲಿ. ಕೊನೆಯ ಬಿಲ್ಲಿನ ಒಟ್ಟು ಮೊತ್ತ ಮತ್ತು ರಸೀದಿಗಳ ಒಟ್ಟು ಮೊತ್ತ ತಾಳೆಯಾಗಬೇಕು. ಆಸ್ಪತ್ರೆ ರಿಯಾಯಿತಿ ಕೊಟ್ಟಿದ್ದರೆ ಅದೂ ಬಿಲ್ಲಿನಲ್ಲಿ ಕಾಣಬೇಕು. ತಾಳೆಯಾಗದ ಫೈಲು ಅಲ್ಲೇ ನಿಲ್ಲುತ್ತದೆ.

"ಯಾವ್ಯಾವ ಕಾಗದ ಬೇಕು? ಪ್ರತಿ ಸಲ ಹೊಸದೇನಾದ್ರೂ ಕೇಳ್ತಾರೆ."

ಕ್ಲೇಮ್ ಫಾರಂನಲ್ಲಿ ಎರಡು ಭಾಗ. ಪಾರ್ಟ್ ಎ ನೀವು ತುಂಬುವುದು, ಪಾರ್ಟ್ ಬಿ ಆಸ್ಪತ್ರೆ ತುಂಬಿ ಸೀಲ್ ಹಾಕುವುದು. ನಮ್ಮವರು ಬಿ ಭಾಗವನ್ನು ಮರೆತು ಮನೆಗೆ ಬರುತ್ತಾರೆ. ಆಮೇಲೆ ವಾಶಿಯಿಂದ ಪರೇಲಿಗೆ ಮೂರು ಸಲ ಅಲೆಯುತ್ತಾರೆ. ಆದ್ದರಿಂದ ಡಿಸ್‌ಚಾರ್ಜ್ ದಿನವೇ ಖಾಲಿ ಫಾರಂ ಪ್ರಿಂಟ್ ತೆಗೆದುಕೊಂಡು ಹೋಗಿ.

ಅದರ ಜೊತೆ ಡಿಸ್‌ಚಾರ್ಜ್ ಸಮ್ಮರಿ, ಒಂದೊಂದು ಐಟಂ ಬಿಡಿಸಿ ಬರೆದ ಬಿಲ್, ರಸೀದಿಗಳು, ಔಷಧಿ ಬಿಲ್ಲು ಮತ್ತು ಅದಕ್ಕೆ ಹೊಂದುವ ಚೀಟಿ, ಟೆಸ್ಟ್ ರಿಪೋರ್ಟುಗಳು, ಕ್ಯಾನ್ಸಲ್ ಮಾಡಿದ ಚೆಕ್, ಗುರುತಿನ ಕಾಗದ. ಸ್ಟೆಂಟ್, ಲೆನ್ಸ್, ಮಂಡಿಚಿಪ್ಪು ಹಾಕಿದ್ದರೆ ಅದರ ಪೆಟ್ಟಿಗೆಯ ಸ್ಟಿಕ್ಕರ್. ಅಪಘಾತವಾದರೆ ಆಸ್ಪತ್ರೆ ಪೊಲೀಸರಿಗಾಗಿ ದಾಖಲಿಸುವ ಎಂಎಲ್‌ಸಿ ಅಥವಾ ಎಫ್‌ಐಆರ್ ಪ್ರತಿ.

ಕ್ಯಾಶ್‌ಲೆಸ್ ನಿರಾಕರಿಸಿದ ಕೇಸಿಗೆ ಇನ್ನೊಂದು ಮುಖ್ಯ. ಇನ್‌ಡೋರ್ ಕೇಸ್ ಪೇಪರ್, ಅಂದರೆ ವಾರ್ಡಿನಲ್ಲಿ ನರ್ಸು ಮತ್ತು ಡಾಕ್ಟರು ದಿನಾ ಬರೆದ ಹಾಳೆಗಳು. ಕಂಪನಿ ಇದನ್ನು ಸಾಮಾನ್ಯವಾಗಿ ಎರಡನೇ ಸುತ್ತಿನಲ್ಲಿ ಕೇಳುತ್ತದೆ. ಮೊದಲೇ ಪ್ರತಿ ತೆಗೆದುಕೊಂಡರೆ ಒಂದು ಸುತ್ತು ಉಳಿಯುತ್ತದೆ. ಕೊಡಲ್ಲ ಅಂದರೆ ಲಿಖಿತವಾಗಿ ಕೇಳಿ. ಪೇಷೆಂಟ್ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಡಾಕ್ಟರುಗಳ 2002ರ ನಡತೆ ನಿಯಮಗಳಲ್ಲೇ ಇದೆ.

ಒರಿಜಿನಲ್ ಕೊಡುವ ಮುಂಚೆ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಕೊಳ್ಳಿ. ಕೊಟ್ಟಿದ್ದಕ್ಕೆ ಸೀಲ್ ಹಾಕಿದ ಅಕ್ನಾಲೆಜ್‌ಮೆಂಟ್ ಪಡೆಯಿರಿ.

"ಅಮ್ಮನ್ನ ನೋಡ್ಕೊಳ್ಳೋದ್ರಲ್ಲಿ ಮೂವತ್ತು ದಿನ ದಾಟಿಹೋಯ್ತು. ಇನ್ನು ಕೊಟ್ಟು ಪ್ರಯೋಜನ ಇದೆಯಾ?"

ಇದೆ, ಕೊಡಿ. ಬಹಳಷ್ಟು ಪಾಲಿಸಿಗಳಲ್ಲಿ ಡಿಸ್‌ಚಾರ್ಜಿನಿಂದ 30 ದಿನ ಎಂದಿರುವುದು ನಿಜ. ಆದರೆ ತಡವಾಯಿತು ಎನ್ನುವ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದು ಎಂದು ಐಆರ್‌ಡಿಎಐ 2011ರಲ್ಲೇ ಕಂಪನಿಗಳಿಗೆ ಹೇಳಿದೆ. ತಡವಾದ ಕಾರಣವನ್ನು ಐದಾರು ಸಾಲಿನಲ್ಲಿ ಬರೆದು, ಪುರಾವೆ ಇದ್ದರೆ ಜೊತೆಗಿಟ್ಟು ಕೊಡಿ. ಕಾಗದ ಒಂದೆರಡು ಕಡಿಮೆ ಇದ್ದರೂ ಇದ್ದಷ್ಟನ್ನು ಅವಧಿಯೊಳಗೆ ಕೊಟ್ಟು, ಉಳಿದದ್ದು ಬರುತ್ತದೆ ಎಂದು ಬರೆಯುವುದು ಇನ್ನೂ ಒಳ್ಳೇದು.

"ಮನೆಗೆ ಬಂದ ಮೇಲಿನ ಔಷಧಿ ಖರ್ಚು?"

ಅದೂ ಸಿಗುತ್ತದೆ. ಸೇರುವ ಮುಂಚಿನ 30 ದಿನ, ಬಿಡುಗಡೆಯಾದ ಮೇಲಿನ 60 ದಿನ ಎಂಬುದು ಆರೋಗ್ಯ ಸಂಜೀವಿನಿಯ ಲೆಕ್ಕ. ಕೆಲವು ಪಾಲಿಸಿಗಳಲ್ಲಿ ಜಾಸ್ತಿ ದಿನ ಇರುತ್ತದೆ. ಅದೇ ಕಾಯಿಲೆಗೆ ಸಂಬಂಧಿಸಿರಬೇಕು ಅಷ್ಟೇ. ಆಮೇಲಿನ ಖರ್ಚನ್ನು ಬೇರೆ ಕಟ್ಟಾಗಿ ಮಾಡಿ, ಆ 60 ದಿನ ಮುಗಿದ 15 ದಿನದೊಳಗೆ ಕೊಡಬೇಕು. ಇದಕ್ಕಾಗಿ ಮುಖ್ಯ ಕ್ಲೇಮನ್ನು ತಡಮಾಡಬೇಡಿ.

## ಕಡಿತದ ಲೆಕ್ಕ

"1,60,000 ಕಟ್ಟಿದ್ದೆ, 1,04,333 ಮಾತ್ರ ಹಾಕಿದ್ದಾರೆ. ಇದು ಯಾವ ಲೆಕ್ಕ?"

ಇದು ಘಾಟ್ಕೋಪರದ ಆ ಅಣ್ಣನದೇ ಪ್ರಶ್ನೆ. ಅವರ ಪಾಲಿಸಿ 5 ಲಕ್ಷದ್ದು. ರೂಮಿಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 5,000 ರೂಪಾಯಿ ಮಿತಿ. ಆ ರಾತ್ರಿ ಸಿಕ್ಕಿದ್ದು 7,500ರ ರೂಮು. ಮೂರು ದಿನ ಇದ್ದರು.

ಬಿಲ್ ಹೀಗಿತ್ತು. ರೂಮು 22,500. ಸರ್ಜನ್, ಅರಿವಳಿಕೆ ಡಾಕ್ಟರು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 90,000. ಔಷಧಿ ಮತ್ತು ಚಿಕಿತ್ಸೆಗೆ ಬಳಸಿ ಬಿಸಾಡುವ ಸಾಮಾನು 28,000. ಟೆಸ್ಟುಗಳು 16,000. ಫೈಲ್ ಚಾರ್ಜ್, ಜೊತೆಗಿದ್ದವರ ಊಟ, ಟಾಯ್ಲೆಟ್ ಸಾಮಾನು ಇಂಥವು 3,500.

ಈಗ ಕಡಿತ. ಕೊನೆಯ 3,500 ಪಾಲಿಸಿಯ ಕೊಡಲಾಗದ ಐಟಂಗಳ ಪಟ್ಟಿಯಲ್ಲಿದೆ, ಅದು ಸಿಗುವುದಿಲ್ಲ. ರೂಮಿಗೆ 15,000 ಮಾತ್ರ. ಇಲ್ಲಿಯವರೆಗೆ ಸರಿ. ಆದರೆ ರೂಮು ಮಿತಿ ಮೀರಿದರೆ ಬರೀ ರೂಮಿನ ದುಡ್ಡು ಹೋಗುವುದಲ್ಲ. ದೊಡ್ಡ ರೂಮಿನವರಿಗೆ ಸರ್ಜನ್ ಫೀಸೂ ದೊಡ್ಡದಾಗಿ ಹಾಕುತ್ತಾರೆ ಎಂಬ ಕಾರಣಕ್ಕೆ ಅದನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತಾರೆ. 7,500ಕ್ಕೆ 5,000 ಅಂದರೆ ಮೂರರಲ್ಲಿ ಎರಡು ಪಾಲು. ಹಾಗಾಗಿ 90,000ಕ್ಕೆ 60,000. ಇದೂ ನಿಯಮದಂತೆಯೇ.

ತಪ್ಪಾಗಿದ್ದು ಮುಂದೆ. ಕಂಪನಿಯವರು ಔಷಧಿ ಮತ್ತು ಟೆಸ್ಟಿಗೂ ಅದೇ ಮೂರರಲ್ಲಿ ಎರಡು ಹಾಕಿದ್ದರು. 44,000ಕ್ಕೆ 29,333 ಮಾತ್ರ. ಔಷಧಿ, ಬಿಸಾಡುವ ಸಾಮಾನು, ಇಂಪ್ಲಾಂಟ್, ಟೆಸ್ಟುಗಳಿಗೆ ಈ ಪ್ರಮಾಣದ ಕಡಿತ ಮಾಡಬಾರದು ಎಂದು ಐಆರ್‌ಡಿಎಐ 2020ರಲ್ಲೇ ಹೇಳಿದೆ. ಯಾವ ರೂಮಿನಲ್ಲಿ ಮಲಗಿದರೂ ಇಂಜೆಕ್ಷನ್ ಒಂದೇ ತಾನೇ? ಐಸಿಯು ಚಾರ್ಜಿಗೂ ಈ ಪ್ರಮಾಣದ ಕಡಿತ ಇಲ್ಲ. ಎಲ್ಲ ರೂಮಿಗೂ ಒಂದೇ ಫೀಸು ಹಾಕುವ ಆಸ್ಪತ್ರೆಯಾದರೆ ಸರ್ಜನ್ ಫೀಸಿನಲ್ಲೂ ಕಡಿತ ಮಾಡುವಂತಿಲ್ಲ.

ಅಣ್ಣ ಒಂದು ಪುಟದ ಪತ್ರ ಬರೆದರು. ನಾಲ್ಕು ಸಾಲಿನ ಈ ಲೆಕ್ಕ, ಕೆಳಗೆ "14,667 ಕಡಿಮೆ ಕೊಟ್ಟಿದ್ದೀರಿ" ಎಂಬ ಒಂದು ಸಾಲು. ಸಿಟ್ಟಿನ ಮಾತಿಲ್ಲ, ಹಳೇ ಕಥೆಯಿಲ್ಲ. ಉಳಿದ ದುಡ್ಡು ಬಂತು, ಒಟ್ಟು 1,19,000 ಆಯಿತು. ಸೆಟಲ್‌ಮೆಂಟ್ ಲೆಟರ್ ಬಂದಾಗ ಪ್ರತಿ ಕಡಿತದ ಎದುರು ಪಾಲಿಸಿಯ ಯಾವ ಷರತ್ತು ಎಂದು ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಅದೇ ನಿಮ್ಮ ಮೊದಲ ಪ್ರಶ್ನೆ.

"ನೆಟ್‌ವರ್ಕ್ ರೇಟಿನ ಪ್ರಕಾರ ಇಷ್ಟೇ ಅಂತ ಕಡಿಮೆ ಕೊಟ್ರು. ಕ್ಯಾಶ್‌ಲೆಸ್ ಕೊಡದೇ ಇದ್ದಿದ್ದು ಅವರ ಆಸ್ಪತ್ರೆ, ಶಿಕ್ಷೆ ನನಗಾ?"

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಇದು. ನನ್ನ ಪ್ರಕಾರ ಅನ್ಯಾಯವೂ ಇಲ್ಲೇ ಜಾಸ್ತಿ. ಕ್ಯಾಶ್‌ಲೆಸ್ ಪೇಷೆಂಟಿಗೆ ಒಪ್ಪಂದದ ದರ ಹಾಕುವ ಆಸ್ಪತ್ರೆ, ದುಡ್ಡು ಕಟ್ಟುವವರಿಗೆ ತನ್ನ ಮಾಮೂಲಿ ದರ ಹಾಕುತ್ತದೆ. ಅದು ಜಾಸ್ತಿ ಇರುತ್ತದೆ. ಕಂಪನಿಯೋ ಪಾಲಿಸಿಯ "ರೀಸನಬಲ್ ಆ್ಯಂಡ್ ಕಸ್ಟಮರಿ", ಅಂದರೆ ವಾಡಿಕೆಯ ನ್ಯಾಯವಾದ ದರ ಮಾತ್ರ ಎಂಬ ಷರತ್ತನ್ನು ತೋರಿಸಿ, ಒಪ್ಪಂದದ ದರದಷ್ಟೇ ಕೊಡುತ್ತದೆ. ನಡುವಿನ ದುಡ್ಡು ನಿಮ್ಮ ಜೇಬಿನಿಂದ ಹೋಗುತ್ತದೆ.

ಇದನ್ನು ಡಿಸ್‌ಚಾರ್ಜಿಗೆ ಮುಂಚೆ ಹಿಡಿದರೆ ಅರ್ಧ ಗೆದ್ದಂತೆ. ಬಿಲ್ಲಿಂಗ್ ಕೌಂಟರಿನಲ್ಲಿ ಲಿಖಿತವಾಗಿ ಕೇಳಿ: "ನಾನು ಈ ಕಂಪನಿಯ ಪಾಲಿಸಿದಾರ. ನಿಮ್ಮ ಒಪ್ಪಂದದ ದರದಲ್ಲೇ ಬಿಲ್ ಮಾಡಿ." ಎಷ್ಟೋ ಆಸ್ಪತ್ರೆಗಳು ಬಿಲ್ ಕೈಗೆ ಬರುವ ಮುಂಚೆ ಕೇಳಿದರೆ ಸ್ವಲ್ಪವಾದರೂ ಇಳಿಸುತ್ತವೆ. ದುಡ್ಡು ಕಟ್ಟಿ ಹೊರಗೆ ಬಂದ ಮೇಲೆ ಯಾರೂ ಇಳಿಸುವುದಿಲ್ಲ.

ಆಗಲೇ ಕಡಿತ ಆಗಿದ್ದರೆ ಕಂಪನಿಗೆ ಮೂರು ವಿಷಯ ಬರೆಯಿರಿ. "ನೀವು ಹೋಲಿಸಿದ ದರಪಟ್ಟಿಯ ಆ ಪುಟ ಕೊಡಿ." "ಈ ದರಕ್ಕೆ ಇಳಿಸಬಹುದೆಂದು ಪಾಲಿಸಿಯ ಯಾವ ಷರತ್ತಿನಲ್ಲಿದೆ ತಿಳಿಸಿ." "ಆ ದರದಲ್ಲಿ ಚಿಕಿತ್ಸೆ ಸಿಗಲೆಂದೇ ನಾನು ನಿಮ್ಮ ಪಟ್ಟಿಯ ಆಸ್ಪತ್ರೆಗೆ ಹೋದೆ, ನಿರಾಕರಣೆಯನ್ನು ಇಂಥ ದಿನ, ಇಂಥ ಗಂಟೆಗೆ ನಿಮಗೆ ತಿಳಿಸಿದೆ, ಆಗ ನೀವೇನು ಮಾಡಿದಿರಿ?" ಕೌಂಟರಿನಿಂದ ಕಳಿಸಿದ ಆ ಇಮೇಲಿನ ಬೆಲೆ ಗೊತ್ತಾಗುವುದು ಇಲ್ಲಿ. ಆಗ ಕಂಪನಿ ಸುಮ್ಮನಿದ್ದಿದ್ದರೆ, ವಿಮೆಯ ದೂರುಗಳನ್ನು ತೀರ್ಮಾನಿಸುವ ಒಂಬುಡ್ಸ್‌ಮನ್ ಮುಂದೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಪೂರ್ತಿ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ. ಪಾಲಿಸಿಯ ಮಾತುಗಳ ಮೇಲೆ ಹೋಗುತ್ತದೆ.

## ಉತ್ತರ ಬಾರದಿದ್ದಾಗ

"ಕ್ವೆರಿ ಮೇಲೆ ಕ್ವೆರಿ ಕಳಿಸ್ತಾರೆ. ಎಷ್ಟು ದಿನ ಕಾಯಬೇಕು?"

2024ರ ನಿಯಮಗಳ ಪ್ರಕಾರ ರೀಇಂಬರ್ಸ್‌ಮೆಂಟ್ ಕ್ಲೇಮಿಗೆ 15 ದಿನ. ತಡವಾದರೆ ಬ್ಯಾಂಕ್ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ಪ್ರತಿ ಕ್ವೆರಿಗೂ ಒಂದೇ ಇಮೇಲಿನ ಸರಣಿಯಲ್ಲಿ ಉತ್ತರಿಸಿ. ಮೊದಲೇ ಕೊಟ್ಟ ಕಾಗದವನ್ನು ಮತ್ತೆ ಕೇಳಿದರೆ, ಕೊಟ್ಟ ದಿನ ಮತ್ತು ಅಕ್ನಾಲೆಜ್‌ಮೆಂಟ್ ನಂಬರ್ ಬರೆದು ಪ್ರತಿ ಲಗತ್ತಿಸಿ. ಕೊನೆಯಲ್ಲಿ "ಇನ್ನು ಬೇರೆ ಏನಾದರೂ ಬೇಕಿದ್ದರೆ ಒಂದೇ ಸಲ ಕೇಳಿ" ಅನ್ನುವ ಸಾಲು ಸೇರಿಸಿ.

ಕ್ಲೇಮನ್ನು ಪೂರ್ತಿ ತಿರಸ್ಕರಿಸಿದರೆ, ಒಬ್ಬ ಅಧಿಕಾರಿಯ ತೀರ್ಮಾನ ಸಾಲದು. ಕಂಪನಿಯ ಕ್ಲೇಮ್ಸ್ ರಿವ್ಯೂ ಕಮಿಟಿ ಒಪ್ಪಿರಬೇಕು ಎಂದು 2024ರ ಸರ್ಕ್ಯುಲರ್ ಹೇಳುತ್ತದೆ. ಒಪ್ಪಿತಾ ಎಂದು ಕೇಳಿ.

"ದೂರು ಎಲ್ಲಿ ಕೊಡಲಿ? ನಾನು ಗೋವಾದಲ್ಲಿದ್ದೇನೆ, ನನ್ನ ತಮ್ಮ ಪುಣೆಯಲ್ಲಿ."

ಮೊದಲು ಕಂಪನಿಯ ಗ್ರೀವನ್ಸ್ ವಿಭಾಗಕ್ಕೆ, ಟಿಪಿಎಗೆ ಅಲ್ಲ. ಅದೇ ದೂರನ್ನು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲೂ ಹಾಕಬಹುದು, bimabharosa.irdai.gov.in. ಫೋನಿನಲ್ಲಾದರೆ 155255.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಕಂಪನಿಯ ಅಂತಿಮ ಉತ್ತರದಿಂದ ಒಂದು ವರ್ಷದೊಳಗೆ ಹೋಗಬೇಕು. ಫೀಸಿಲ್ಲ, ವಕೀಲರೂ ಬೇಕಿಲ್ಲ. 50 ಲಕ್ಷದವರೆಗಿನ ವಿಷಯ ಅಲ್ಲಿ ನಡೆಯುತ್ತದೆ. ಗೋವಾದವರಿಗೆ ಮುಂಬಯಿ ಕಚೇರಿ, ಪುಣೆಯವರಿಗೆ ಪುಣೆ ಕಚೇರಿ. ಠಾಣೆ, ನವಿ ಮುಂಬಯಿ ಕಡೆಯವರು ಮುಂಬಯಿಗೇ ಕಳಿಸಿ ಫೈಲು ಅಲೆಯುವಂತೆ ಮಾಡಿಕೊಳ್ಳುತ್ತಾರೆ. ನಿಮ್ಮ ವಿಳಾಸ ಯಾವ ಕಚೇರಿಗೆ ಸೇರುತ್ತದೆಂದು cioins.co.in ನಲ್ಲಿ ನೋಡಿಯೇ ಹಾಕಿ.

ದೂರಿನಲ್ಲಿ ಕಥೆ ಕಡಿಮೆ ಇರಲಿ, ತಾರೀಕು ಜಾಸ್ತಿ ಇರಲಿ. ಸೇರಿದ ದಿನ, ಇಂಟಿಮೇಷನ್ ನಂಬರ್, ನಿರಾಕರಣೆಯ ಇಮೇಲ್, ಕಾಗದ ಕೊಟ್ಟ ದಿನ, ಕಡಿತದ ಲೆಕ್ಕ, ನೀವು ಕೇಳುವ ಮೊತ್ತ.

"ಆಸ್ಪತ್ರೆ ಮೇಲೂ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದಾ?"

ಆಗುವುದಿಲ್ಲ. ಅವರ ಅಧಿಕಾರ ವಿಮೆಯವರ ಮೇಲೆ ಮಾತ್ರ. ಆದರೆ ಆಸ್ಪತ್ರೆ ನಿರಾಕರಿಸಿದ್ದನ್ನು ಕಂಪನಿಯ ಗ್ರೀವನ್ಸ್ ವಿಭಾಗಕ್ಕೆ ಬರೆಯಿರಿ, ಏಕೆಂದರೆ ಒಪ್ಪಂದ ಅವರಿಬ್ಬರ ನಡುವೆ ಇದೆ. ಜಾಸ್ತಿ ಹಾಕಿದ ದುಡ್ಡನ್ನು ಆಸ್ಪತ್ರೆಯಿಂದಲೇ ವಾಪಸ್ ಪಡೆಯಬೇಕಾದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು, ಎರಡು ವರ್ಷದ ಅವಧಿ ಇದೆ. ಅಲ್ಲಿ ಕಂಪನಿ ಮತ್ತು ಆಸ್ಪತ್ರೆ ಎರಡನ್ನೂ ಎದುರು ಪಕ್ಷವಾಗಿ ಸೇರಿಸಬಹುದು. ಆದರೆ ಒಂದೇ ವಿಷಯ ಗ್ರಾಹಕ ಆಯೋಗದಲ್ಲಿ ಇರುವಾಗ ಒಂಬುಡ್ಸ್‌ಮನ್ ಅದನ್ನು ಕೈಗೆತ್ತಿಕೊಳ್ಳುವುದಿಲ್ಲ. ಬರಬೇಕಾದ ದುಡ್ಡು ಕಂಪನಿಯಿಂದ ಮಾತ್ರ ಎಂದಾದರೆ ಮೊದಲು ಒಂಬುಡ್ಸ್‌ಮನ್, ಆಸ್ಪತ್ರೆಯ ಪಾಲೂ ದೊಡ್ಡದಿದ್ದರೆ ನೇರ ಆಯೋಗ. ನಾನು ಕೇಳಿದವರಿಗೆಲ್ಲ ಹೀಗೇ ಹೇಳುತ್ತೇನೆ.